ಸುತ್ತಿಗೆ ಪಾಸ್ ಅಂದಿತು, ಅಲ್ಟ್ರಾಸೋನಿಕ್ ಸಂಶಯ ಅಂದಿತು: ಹಳೆ ಪಿಲ್ಲರ್‌ಗಳ ವರದಿಯಲ್ಲಿ ತಪ್ಪು ಹುಡುಕುವ ಬಗೆ

ಕಲಬುರಗಿಯ ಬ್ರಹ್ಮಪುರದ ಕಡೆ ಒಂದು ಮನೆ. 1980ರ ದಶಕದಲ್ಲಿ ಕಟ್ಟಿದ್ದು. ಕೆಳಗೊಂದು, ಮೇಲೊಂದು ಮಹಡಿ. ಒಂಬತ್ತು ಪಿಲ್ಲರ್, ಎಲ್ಲವೂ 9 ಇಂಚು 12 ಇಂಚಿನವು. ಯಜಮಾನರಿಗೆ ಇನ್ನೊಂದು ಮಹಡಿ ಏರಿಸುವ ಆಸೆ. ಪಿಲ್ಲರ್ ತಡೆಯುತ್ತವೋ ಇಲ್ಲವೋ ನೋಡಲು ಒಂದು ಲ್ಯಾಬ್‌ನವರಿಂದ ಪರೀಕ್ಷೆ ಮಾಡಿಸಿದ್ದರು. ಆ ವರದಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಸಾಹೇಬ್ರ, ಒಂದು ಮಷಿನ್ ಛಲೋ ಅದ ಅಂತದ, ಇನ್ನೊಂದು ಸಂಶಯ ಅಂತದ. ನಾ ಯಾವುದು ನಂಬಲಿ?"

"ಎರಡೂ ಸುಳ್ಳು ಹೇಳಿಲ್ಲ ಕಾಕಾ. ಆದ್ರ ಎರಡೂ ಬ್ಯಾರೆ ಬ್ಯಾರೆ ಮಾತು ಹೇಳ್ಯಾವ" ಅಂದೆ.

ವರದಿಯಲ್ಲಿ ಇದ್ದದ್ದು ಇಷ್ಟು. ರೀಬೌಂಡ್ ಸುತ್ತಿಗೆಯ ಸರಾಸರಿ ಅಂಕ 37. ಸುತ್ತಿಗೆಯ ಮೇಲಿನ ಚಾರ್ಟ್ ನೋಡಿ ಅದನ್ನು ಪ್ರತಿ ಚದರ ಮಿ.ಮೀ.ಗೆ 35 ನ್ಯೂಟನ್ ಬಲ ಅಂತ ಬರೆದಿದ್ದರು. ಇನ್ನು ಮುಂದೆ ಬರೀ ನ್ಯೂಟನ್ ಅನ್ನುತ್ತೇನೆ. ಅಲ್ಟ್ರಾಸೋನಿಕ್ ವೇಗ ಏಳು ಪಿಲ್ಲರ್‌ಗಳಲ್ಲಿ ಸೆಕೆಂಡಿಗೆ 3.1ರಿಂದ 3.4 ಕಿ.ಮೀ. ಐದನೇ ಪಿಲ್ಲರ್‌ನಲ್ಲಿ ಮಾತ್ರ 2.6, ಅದರ ಮುಂದೆ 'ಸಂಶಯ' ಅಂತ ಷರಾ. ಎಂಟನೆಯದರಲ್ಲಿ 4.2. ಎಲ್ಲ ಕೂಡಿಸಿ ಸರಾಸರಿ 3.3, 'ಮಧ್ಯಮ' ಅಂತ ಷರಾ. ಕೊನೆಗೆ ಒಂದೇ ಸಾಲು: ಕಾಂಕ್ರೀಟ್ ಎಂ35 ದರ್ಜೆಗೆ ಸಮ.

ಆ ಕೊನೆಯ ಸಾಲೇ ನನ್ನನ್ನು ತಡೆದು ನಿಲ್ಲಿಸಿತು. ಆ ಕಾಲದಲ್ಲಿ ನಮ್ಮ ಕಡೆ ಮನೆಗಳಿಗೆ ಹಾಕುತ್ತಿದ್ದದ್ದು ಸಿಮೆಂಟು, ಮರಳು, ಖಡಿ 1:2:4 ಕಲಸಿದ ಮಾಲು. ಅಂದರೆ ಹೆಚ್ಚುಕಡಿಮೆ ಎಂ15, 15 ನ್ಯೂಟನ್ ಬಲದ್ದು. ಕೈಯಲ್ಲಿ ಕಲಸಿ, ಬುಟ್ಟಿಯಲ್ಲಿ ಹೊತ್ತು ಹಾಕಿದ ಮಾಲು ನಲವತ್ತು ವರ್ಷದಲ್ಲಿ ಎಂ35 ಆಗುವುದು ಅಂದರೆ ನಂಬುವ ಮಾತಾ? ವಯಸ್ಸಾದಂತೆ ಕಾಂಕ್ರೀಟ್ ಸ್ವಲ್ಪ ಗಟ್ಟಿಯಾಗುತ್ತದೆ, ನಿಜ. ಎರಡು ಪಟ್ಟಿಗಿಂತ ಜಾಸ್ತಿ ಆಗುವುದಿಲ್ಲ.

ಮೊದಲು ಐದನೇ ಪಿಲ್ಲರ್: 2.6 ಯಾಕೆ ಬಂತು?

ವಿಚಿತ್ರ ಅಂಕ ಕಂಡರೆ ಮೊದಲು ಕಾಂಕ್ರೀಟನ್ನು ಬೈಯಬಾರದು, ಅಳತೆ ಮಾಡಿದ ಜಾಗ ನೋಡಬೇಕು. ಹೋಗಿ ನೋಡಿದೆ. ಐದನೇ ಪಿಲ್ಲರ್‌ನಲ್ಲಿ ಒಂದು ಬದಿಯ ಗಿಲಾವ್ ಮಾತ್ರ ಕೆತ್ತಿದ್ದರು. ಸುತ್ತಿಗೆ ಹೊಡೆಯಲು ಅಷ್ಟು ಸಾಕಾಗಿತ್ತು. ಎದುರು ಬದಿಯಲ್ಲಿ ಗಿಲಾವ್ ಮೇಲೆಯೇ ಗ್ರೀಸ್ ಗುರುತು ಇತ್ತು. ಬೆರಳ ಗೆಣ್ಣಿನಿಂದ ತಟ್ಟಿದೆ. ಡಬ್ ಡಬ್ ಅಂತು. ಗಿಲಾವ್ ಒಳಗೆ ಬಿಟ್ಟುಕೊಂಡಿತ್ತು.

ಈ ಉಪಕರಣ ಕೆಲಸ ಮಾಡುವುದು ಸರಳ. ಒಂದು ಕಡೆಯ ಮುಟ್ಟುಗ ಶಬ್ದದ ಮಿಡಿತ ಬಿಡುತ್ತದೆ, ಇನ್ನೊಂದು ಕಡೆಯದು ಅದನ್ನು ಹಿಡಿಯುತ್ತದೆ. ನಡುವೆ ಹಿಡಿದ ಸಮಯವನ್ನು ಮೈಕ್ರೋಸೆಕೆಂಡಿನಲ್ಲಿ ತೋರಿಸುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಉಪಕರಣ ಅಳೆಯುವುದು ಸಮಯ ಮಾತ್ರ. ದೂರ ನಾವು ಕೊಡುವುದು. ಮಿಡಿತಕ್ಕೆ ಗಾಳಿ ಅಂದರೆ ಆಗುವುದಿಲ್ಲ. ಕೂದಲೆಳೆಯಷ್ಟು ಗಾಳಿ ಇದ್ದರೂ ಅದನ್ನು ಸುತ್ತಿ ಬರುತ್ತದೆ, ಇಲ್ಲವೇ ಬಹಳ ಕುಗ್ಗಿ ತಡವಾಗಿ ಸಿಗುತ್ತದೆ. ಗ್ರೀಸ್ ಹಚ್ಚುವುದು ಅದಕ್ಕೇ. ಬಿಟ್ಟುಕೊಂಡ ಗಿಲಾವ್ ಅಂದರೆ ಪಿಲ್ಲರ್‌ಗೂ ಮುಟ್ಟುಗಕ್ಕೂ ನಡುವೆ ಒಂದು ಗಾಳಿಯ ಹಾಳೆ ಇಟ್ಟಂತೆ.

ಗಿಲಾವ್ ಇದ್ದಾಗ ದೂರ 247 ಮಿ.ಮೀ., ಸಮಯ 95 ಮೈಕ್ರೋಸೆಕೆಂಡ್. ವೇಗ 2.6. ಲ್ಯಾಬ್‌ನವರಿಗೆ ಬಂದದ್ದೇ ನನಗೂ ಬಂತು. ಅಂದರೆ ಅವರ ಉಪಕರಣ ಸರಿ ಇತ್ತು. ಎರಡೂ ಬದಿ ಕೆತ್ತಿಸಿ, ಕಾರ್ಬೊರಂಡಮ್ ಕಲ್ಲಿನಿಂದ ತಿಕ್ಕಿ, ಧೂಳು ಒರೆಸಿ, ಕ್ಯಾಲಿಪರ್‌ನಿಂದ ಅಳೆದೆ. ದೂರ 231 ಮಿ.ಮೀ., ಸಮಯ 70 ಮೈಕ್ರೋಸೆಕೆಂಡ್. ವೇಗ 3.3. ಐದನೇ ಪಿಲ್ಲರ್ ಉಳಿದವುಗಳ ಸಾಲಿಗೆ ಬಂದು ನಿಂತಿತು.

ಇಲ್ಲಿ ಒಂದು ಮಾತು. 9 ಇಂಚಿನ ಪಿಲ್ಲರ್‌ನಲ್ಲಿ ಸಮಯ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ವೇಗ ಸುಮಾರು ನೂರಕ್ಕೆ ಒಂದೂವರೆ ಪಾಲು ತಪ್ಪುತ್ತದೆ. ಆದ್ದರಿಂದ ಉಪಕರಣದ ಜೊತೆ ಬರುವ ಗೊತ್ತುಪಡಿಸಿದ ಕೋಲಿನ ಮೇಲೆ ಇಟ್ಟು, ಕೋಲಿನ ಮೇಲೆ ಬರೆದ ಸಮಯವೇ ಬರುತ್ತಿದೆಯಾ ಅಂತ ಪ್ರತಿ ಸಲ ನೋಡಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತೆಳು ಜೆಲ್ ಹಚ್ಚಿದರೆ ಮುಟ್ಟುಗ ಇಡುವಷ್ಟರಲ್ಲಿ ಒಣಗಿರುತ್ತದೆ. ನಾನು ಗಾಡಿಗೆ ಹಚ್ಚುವ ಗ್ರೀಸನ್ನೇ ಬಳಸುತ್ತೇನೆ. ಗೋಡೆ ಹೊಲಸಾಗುತ್ತದೆ ಅಂತ ಮನೆಯವರು ಬೈಯುತ್ತಾರೆ, ಏನು ಮಾಡುವುದು.

ಎಂಟನೇ ಪಿಲ್ಲರ್: 4.2 ಸಂತೋಷ ಪಡುವ ಅಂಕ ಅಲ್ಲ

ಎಲ್ಲರೂ ಕಡಿಮೆ ಅಂಕ ಕಂಡು ಗಾಬರಿಯಾಗುತ್ತಾರೆ. ನನಗೆ ಹೆದರಿಕೆ ಜಾಸ್ತಿ ಅಂಕದ್ದು. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಎಂಟನೇ ಪಿಲ್ಲರ್ ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡಿದೆ. ಕಾಣುವುದು 12 ಇಂಚಿನ ಒಂದೇ ಮುಖ. ಎದುರುಬದುರು ಮುಟ್ಟುಗ ಇಡಲು ಜಾಗವಿಲ್ಲ. ಹಾಗಾಗಿ ಎರಡನ್ನೂ ಅದೇ ಮುಖದ ಮೇಲೆ, ಮೇಲೊಂದು ಕೆಳಗೊಂದು ಇಟ್ಟು ಅಳೆದಿದ್ದರು. ಹಾಗೆ ಅಳೆಯುವುದು ತಪ್ಪಲ್ಲ. ಆದರೆ ಒಂದೇ ಮುಖದ ಅಳತೆಯಲ್ಲಿ ವೇಗ ಸಾಮಾನ್ಯವಾಗಿ ಎದುರುಬದುರು ಅಳತೆಗಿಂತ ಕಡಿಮೆ ಬರಬೇಕು. ಕೆಲವೊಮ್ಮೆ ಸೆಕೆಂಡಿಗೆ 1 ಕಿ.ಮೀ.ವರೆಗೂ ಕಡಿಮೆ ಬರಬಹುದು ಅಂತ ಈ ಪರೀಕ್ಷೆಗಳ ಹಳೆ ಭಾರತೀಯ ಮಾನಕ ಐ.ಎಸ್. 13311 ಹೇಳುತ್ತದೆ. ಇಲ್ಲಿ ಉಲ್ಟಾ. ಉಳಿದ ಪಿಲ್ಲರ್‌ಗಳು ಎದುರುಬದುರು 3.3 ಕೊಟ್ಟರೆ, ಇದು ಒಂದೇ ಮುಖದಲ್ಲಿ 4.2 ಕೊಟ್ಟಿದೆ. ಅದೇ ಮಾಲು, ಅದೇ ಗೌಂಡಿ, ಅದೇ ವರ್ಷ. ಈ ಒಂದು ಪಿಲ್ಲರ್ ಯಾಕೆ ಹುಲಿಯಾಯಿತು?

ಒಳಗಿನ ಸರಳು ಎಲ್ಲಿದೆ ಅಂತ ತೋರಿಸುವ ಕವರ್ ಮೀಟರ್ ಓಡಿಸಿದೆ. ಗ್ರೀಸ್ ಗುರುತು ಎರಡೂ ಮೂಲೆಯ ಸರಳಿನ ನೇರ ಮೇಲೆ ಇದ್ದವು. 16 ಮಿ.ಮೀ. ಸರಳು, ಮೇಲೆ 30 ಮಿ.ಮೀ. ಕಾಂಕ್ರೀಟ್. ಸ್ಟೀಲ್ ಸರಳಿನಲ್ಲಿ ಶಬ್ದ ಸೆಕೆಂಡಿಗೆ 5 ಕಿ.ಮೀ.ಗೂ ಮೇಲೆ ಓಡುತ್ತದೆ. ಹಳೆ ಕಾಂಕ್ರೀಟಿನಲ್ಲಿ 3 ಚಿಲ್ಲರೆ. ಬಸ್ಸಿಗೆ ಕಾಯುವವನು ಸ್ವಲ್ಪ ಒಳದಾರಿ ನಡೆದು ಹೈವೇ ಹಿಡಿದರೆ ಬೇಗ ತಲುಪುವ ಹಾಗೆ, ಮಿಡಿತವೂ 30 ಮಿ.ಮೀ. ಒಳಗಿಳಿದು, ಸರಳು ಹಿಡಿದು ಓಡಿ, ಮತ್ತೆ ಮೇಲೆ ಬಂತು. ಉಪಕರಣ ಮೊದಲು ಬಂದ ಮಿಡಿತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ಯಾವ ದಾರಿಯಲ್ಲಿ ಬಂತು ಅಂತ ಕೇಳುವುದಿಲ್ಲ. 450 ಮಿ.ಮೀ. ದೂರಕ್ಕೆ 107 ಮೈಕ್ರೋಸೆಕೆಂಡ್, ವೇಗ 4.2. ಅದು ಕಾಂಕ್ರೀಟಿನ ವೇಗ ಅಲ್ಲ, ಸರಳಿನದ್ದು ಬೆರೆತ ವೇಗ.

ಮುಖದ ಮಧ್ಯಕ್ಕೆ ಸರಿದೆ. ಈ ಪಿಲ್ಲರ್‌ನಲ್ಲಿ ಸರಳು ನಾಲ್ಕೇ, ಮೂಲೆಗೊಂದು. ಮಧ್ಯದ ಗೆರೆಯಿಂದ ಅವು ಸುಮಾರು 115 ಮಿ.ಮೀ. ದೂರ. ಇಂಥ ಕಾಂಕ್ರೀಟಿನಲ್ಲಿ ಸರಳು ಅಳತೆಯ ದೂರದ ಕಾಲು ಭಾಗಕ್ಕಿಂತ ಆಚೆ ಇದ್ದರೆ ಸುತ್ತಿ ಹೋಗುವ ಲಾಭ ಮಿಡಿತಕ್ಕೆ ಉಳಿಯುವುದಿಲ್ಲ. 450ರ ಕಾಲು ಭಾಗ 112. ಅಂತೂ ಗಡಿಯ ಮೇಲೆ ಪಾರಾದೆ. ಒಂದೇ ಅಳತೆ ನಂಬದೆ ನಾಲ್ಕು ದೂರದಲ್ಲಿ ಸಮಯ ತೆಗೆದೆ. 150 ಮಿ.ಮೀ.ಗೆ 53, 250ಕ್ಕೆ 84, 350ಕ್ಕೆ 115, 450ಕ್ಕೆ 147 ಮೈಕ್ರೋಸೆಕೆಂಡ್. ಮೊದಲಿಗೂ ಕೊನೆಗೂ ನಡುವೆ 300 ಮಿ.ಮೀ., ಹಿಡಿದ ಸಮಯ 94. ವೇಗ 3.2. ಒಂದೇ ಮುಖದ ಅಳತೆಯಲ್ಲಿ ಹೀಗೆ ದೂರದ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸುವುದೇ ಒಳ್ಳೆಯದು. ಮುಟ್ಟುಗದ ಯಾವ ಅಂಚಿನಿಂದ ದೂರ ಹಿಡಿಯಬೇಕು ಅನ್ನುವ ಗೊಂದಲ ಅದರಿಂದ ತಪ್ಪುತ್ತದೆ. ನಾಲ್ಕು ಬಿಂದು ನೇರ ಗೆರೆಯಲ್ಲಿ ಬರದಿದ್ದರೆ ನಡುವೆ ಬಿರುಕೋ ಸರಳೋ ಇದೆ ಅಂತ ಅರ್ಥ.

ಅಡ್ಡ ಸರಳು, ಅಂದರೆ ರಿಂಗ್, ಇಷ್ಟು ಕಾಟ ಕೊಡುವುದಿಲ್ಲ. 6 ಮಿ.ಮೀ. ರಿಂಗನ್ನು ಲೆಕ್ಕಕ್ಕೆ ಬಿಡಬಹುದು. ತೊಂದರೆ ಕೊಡುವುದು ಮಿಡಿತದ ದಾರಿಗೆ ಸಮಾನವಾಗಿ ಓಡುವ ದಪ್ಪ ಸರಳು.

ಇಲ್ಲಿಗೆ ಅಲ್ಟ್ರಾಸೋನಿಕ್ ಗೊಂದಲ ಮುಗಿಯಿತು. ಒಂಬತ್ತೂ ಪಿಲ್ಲರ್ 3.1ರಿಂದ 3.4ರ ಒಳಗೆ. ವರದಿಯಲ್ಲಿ ಇದನ್ನು 'ಮಧ್ಯಮ' ಅಂದಿದ್ದರಲ್ಲ, ಅದು 1992ರ ಹಳೆ ಕೋಷ್ಟಕ. ಅಲ್ಲಿ 3.0ರಿಂದ 3.5 ಮಧ್ಯಮ. 2018ರಲ್ಲಿ ಬಂದ ಐ.ಎಸ್. 516 ಭಾಗ 5ರಲ್ಲಿ ಆ ಮಧ್ಯಮ ಅನ್ನುವ ಮನೆಯೇ ಇಲ್ಲ. ಎಂ25 ಮತ್ತು ಅದಕ್ಕಿಂತ ಕೆಳಗಿನ ಕಾಂಕ್ರೀಟಿಗೆ 3.5ಕ್ಕಿಂತ ಕಡಿಮೆ ಬಂದರೆ ಸಂಶಯ, ಮುಂದಿನ ಪರೀಕ್ಷೆ ಬೇಕು. ಯಾವ ಕೋಷ್ಟಕ ಹಿಡಿದರೂ ಅದು ಹೇಳುವುದು ಕಾಂಕ್ರೀಟು ಒಳಗೆ ಎಷ್ಟು ತುಂಬಿಕೊಂಡಿದೆ, ಒಂದೇ ಸಮ ಇದೆಯಾ ಅನ್ನುವುದನ್ನು. ಬಲ ಎಷ್ಟು ನ್ಯೂಟನ್ ಅಂತ ಅಲ್ಲ. 3.3 ಕಿ.ಮೀ. ಅಂದರೆ ಇಷ್ಟು ನ್ಯೂಟನ್ ಅಂತ ಯಾರಾದರೂ ನೇರ ಬರೆದುಕೊಟ್ಟರೆ ಆ ಕಾಗದ ಪಕ್ಕಕ್ಕಿಡಿ.

ಈಗ ಸುತ್ತಿಗೆ: 37 ಎಲ್ಲಿಂದ ಬಂತು?

ಸುತ್ತಿಗೆ ಅಂದರೆ ಒಡೆಯುವ ಸುತ್ತಿಗೆ ಅಲ್ಲ. ಸ್ಪ್ರಿಂಗ್ ಬಿಟ್ಟಾಗ ಒಳಗಿನ ತೂಕ ಹೋಗಿ ಕಾಂಕ್ರೀಟಿಗೆ ಬಡಿದು ಎಷ್ಟು ಹಿಂದೆ ಪುಟಿಯುತ್ತದೆ ಅನ್ನುವುದೇ ಅಂಕ. ಸ್ವಿಟ್ಜರ್ಲೆಂಡಿನ ಎರ್ನ್ಸ್ಟ್ ಶ್ಮಿಟ್ ಅನ್ನುವವರು 1940ರ ದಶಕದ ಕೊನೆಗೆ ಮಾಡಿದ್ದು. ನೆಲಕ್ಕೆ ಚೆಂಡು ಹೊಡೆದ ಹಾಗೆ. ಪರಸಿ ಕಲ್ಲಿನ ಮೇಲೆ ಜಾಸ್ತಿ ಪುಟಿಯುತ್ತದೆ, ಕರಿ ಮಣ್ಣಿನ ಮೇಲೆ ಕಡಿಮೆ. ಆದರೆ ಚೆಂಡಿಗೆ ಗೊತ್ತಾಗುವುದು ಮೇಲಿನ ಪರಸಿ ಮಾತ್ರ. ಕೆಳಗೆ ಏನು ತುಂಬಿದ್ದಾರೆ ಅಂತ ಅದಕ್ಕೇನು ಗೊತ್ತು? ಸುತ್ತಿಗೆಯೂ ಹಾಗೇ. ಮೇಲಿನ ಸುಮಾರು 30 ಮಿ.ಮೀ. ಪದರದ ಗಟ್ಟಿತನ ಅದಕ್ಕೆ ತಿಳಿಯುತ್ತದೆ.

ಸುತ್ತಿಗೆ ಸರಿ ಇದೆಯಾ ಅಂತ ಮೊದಲು ಗಟ್ಟಿ ಉಕ್ಕಿನ ಅಡಿಗಲ್ಲಿನ ಮೇಲೆ ಹೊಡೆದು ನೋಡಬೇಕು. ನನ್ನದಕ್ಕೆ 80 ಬರಬೇಕು, ಎರಡು ಅಂಕ ಆಚೀಚೆ. ಬಂತು. ಲ್ಯಾಬ್ ವರದಿಯಲ್ಲಿ ಈ ಅಂಕವೇ ಇರಲಿಲ್ಲ. ಇಲ್ಲದಿದ್ದರೆ ಸುತ್ತಿಗೆಯ ಸ್ಪ್ರಿಂಗ್ ಸೋತಿತ್ತೋ ಇಲ್ಲವೋ ಯಾರಿಗೆ ಗೊತ್ತು.

ಮೂರನೇ ಪಿಲ್ಲರ್‌ನಲ್ಲಿ ಒಂದು ಚೌಕ ಗುರುತು ಮಾಡಿ, ಬಿಟ್ಟು ಬಿಟ್ಟು ಹನ್ನೆರಡು ಸಲ ಹೊಡೆದೆ. ಬಂದದ್ದು: 37, 36, 39, 35, 38, 37, 51, 36, 28, 38, 37, 36. 51 ಬಂದ ಕಡೆ ಸ್ವಲ್ಪ ತಿಕ್ಕಿ ನೋಡಿದರೆ ಮೇಲೇ ಒಂದು ಕರಿ ಖಡಿ ಕೂತಿತ್ತು. ಖಡಿಯ ನೆತ್ತಿಗೆ ಹೊಡೆದರೆ ಖಡಿಯ ಅಂಕ ಬರುತ್ತದೆ. 28ರ ಕಡೆ ತಟ್ಟಿದರೆ ಒಳಗೆ ಸಣ್ಣ ಪೊಳ್ಳು. ಎರಡನ್ನೂ ಬಿಟ್ಟರೆ ಉಳಿದ ಹತ್ತರ ಸರಾಸರಿ 36.9. ಬಿಡದಿದ್ದರೂ 37.3. ನೋಡಿ, ಸರಾಸರಿ ಎಷ್ಟು ಚೆನ್ನಾಗಿ ಮುಚ್ಚಿಹಾಕುತ್ತದೆ! ವರದಿಯಲ್ಲಿ ಬರೀ ಸರಾಸರಿ ಕೊಟ್ಟರೆ ಒಪ್ಪಬೇಡಿ, ಪ್ರತಿ ಹೊಡೆತದ ಅಂಕ ಕೇಳಿ.

ಅಂತೂ 37 ಅನ್ನುವ ಅಂಕ ನಿಜ. ಹಾಗಾದರೆ 35 ನ್ಯೂಟನ್ ಯಾಕೆ ನಿಜವಲ್ಲ?

ಉಳಿ ಮತ್ತು ಸುತ್ತಿಗೆಯಿಂದ ಪಿಲ್ಲರ್‌ನ ಒಂದು ಚಿಕ್ಕ ಅಂಚು ಒಡೆಸಿದೆ. ಹೊಸದಾಗಿ ಒಡೆದ ಮುಖ, ನೀರು ಹಾಕದೆ ಬ್ರಷ್‌ನಿಂದ ಧೂಳು ಹೊಡೆದು, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಕ್ಷಾರ ಇನ್ನೂ ಉಳಿದಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಹೊರಗಿನ 28 ಮಿ.ಮೀ. ಬಣ್ಣವೇ ಏರಲಿಲ್ಲ. ಅದರ ಒಳಗೆ ಜಗ್ಗನೆ ಗುಲಾಬಿ.

ಇದು ಕಾರ್ಬೊನೇಷನ್. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನ ಒಳಗಿನ ಸುಣ್ಣದ ಅಂಶದ ಜೊತೆ ಸೇರಿ ಸುಣ್ಣಕಲ್ಲಿನಂಥ ವಸ್ತು ಆಗುತ್ತದೆ. ಅದು ಮೇಲ್ಪದರದ ಸಣ್ಣ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಮೇಲ್ಮೈ ಗಟ್ಟಿಯಾಗುತ್ತದೆ. ಸುತ್ತಿಗೆ ಜೋರಾಗಿ ಪುಟಿಯುತ್ತದೆ. ಒಳಗಿನ ಕಾಂಕ್ರೀಟು ಮಾತ್ರ ಮೊದಲು ಹೇಗಿತ್ತೋ ಹಾಗೇ. ಈ ಒಂದು ಕಾರಣಕ್ಕೇ ಸುತ್ತಿಗೆಯ ಅಂದಾಜು ಅತಿ ಹೆಚ್ಚು ಅಂದರೆ ನೂರಕ್ಕೆ 50 ಜಾಸ್ತಿ ಬರಬಹುದು ಅಂತ ಐ.ಎಸ್. 13311ರಲ್ಲೇ ಇದೆ.

ನಮ್ಮ ಕಡೆಯ ಹಳೆ ಮನೆಗಳಲ್ಲಿ ಇದು ಯಾಕೆ ಇಷ್ಟು ಕಾಣುತ್ತದೆ ಅಂತ ಆ ಮನೆ ಕಟ್ಟಿದ ಮುದುಕ ಗೌಂಡಿ ಹೇಳಿದರು. ಪಕ್ಕದ ಓಣಿಯಲ್ಲೇ ಇದ್ದಾರೆ, ಕರೆಸಿದೆವು. "ಆವಾಗ ವೈಬ್ರೇಟರ್ ಎಲ್ಲಿತ್ರಿ ಸಾಹೇಬ್ರ? ರಾಡ್ ತಗೊಂಡು ಕುಟ್ಟೋದ. ಬ್ಯಾಸಿಗಿ ಇತ್ತು, ಬಾವ್ಯಾಗ ನೀರಿರಲಿಲ್ಲ. ಪಿಲ್ಲರಿಗಿ ಎರಡ್ ಮೂರ್ ದಿನ ನೀರ್ ಹೊಡದ್ವಿ, ಅಷ್ಟೇ." ಯಜಮಾನರು ಸೇರಿಸಿದರು: ದುಡ್ಡಿಲ್ಲದೆ ಆರೇಳು ವರ್ಷ ಗಿಲಾವ್ ಮಾಡಿಸಿರಲಿಲ್ಲ. ಕುಟ್ಟಲು ಸುಲಭ ಆಗಲಿ ಅಂತ ಜಾಸ್ತಿ ನೀರು ಹಾಕಿ ಕಲಸಿದ ಮಾಲು, ಕ್ಯೂರಿಂಗ್ ಇಲ್ಲ, ಒಣ ಗಾಳಿ, ಬರಿಮೈ. ಕಾರ್ಬೊನೇಷನ್‌ಗೆ ಇದಕ್ಕಿಂತ ಇನ್ನೇನು ಬೇಕು? ಅಲ್ಟ್ರಾಸೋನಿಕ್ 3.3ಕ್ಕೆ ನಿಂತದ್ದೂ ಇದೇ ಕಾರಣಕ್ಕೆ. ಒಳಗಿನ ಕಾಂಕ್ರೀಟು ಸಡಿಲ.

ಸುತ್ತಿಗೆಯ ಚಾರ್ಟಿನದ್ದೂ ಒಂದು ತಕರಾರು ಇದೆ. ಆ ಗೆರೆ ತಯಾರಕರು ತಮ್ಮ ಖಡಿ, ತಮ್ಮ ಸಿಮೆಂಟು, ಒಣ ಹೊಸ ಕ್ಯೂಬ್ ಇಟ್ಟು ಎಳೆದದ್ದು. ಖಡಿ ಬದಲಾದರೆ ಅಂಕವೂ ಬದಲಾಗುತ್ತದೆ. ಕಲಬುರಗಿಯ ಸುತ್ತ ಕರಿ ಕಲ್ಲಿನ ಖಡಿ, ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲು. ಎರಡೂ ಖಡಿಯಲ್ಲಿ ಒಂದೇ ಬಲದ ಕಾಂಕ್ರೀಟು ಮಾಡಿದರೂ ಸುಣ್ಣಕಲ್ಲಿನದ್ದರ ಮೇಲೆ ಸುತ್ತಿಗೆ ಕಡಿಮೆ ಪುಟಿಯುತ್ತದೆ. ಇನ್ನು ಸರಿಯಾಗಿ ಹೊಂದಿಸಿಕೊಂಡ ಚಾರ್ಟ್ ಇದ್ದರೂ ಅಂದಾಜು ನೂರಕ್ಕೆ 25 ಆಚೀಚೆ ಆಗುತ್ತದೆ. 35 ಅಂದರೆ 26ರಿಂದ 44ರ ನಡುವೆ ಎಲ್ಲಾದರೂ. ಇದರ ಮೇಲೆ ಕಾರ್ಬೊನೇಷನ್.

ಒದ್ದೆ ಇದ್ದರೆ ತಪ್ಪು ಉಲ್ಟಾ ಕಡೆಗೆ ವಾಲುತ್ತದೆ. ಬಚ್ಚಲಿಗೆ ಅಂಟಿದ ಎರಡನೇ ಪಿಲ್ಲರ್‌ನಲ್ಲಿ ನನಗೆ 31 ಬಂತು. ನೀರು ಸೋರುತ್ತಿತ್ತು. ಒದ್ದೆ ಮೇಲ್ಮೈಯಲ್ಲಿ ಬಲ ಸುಮಾರು ನೂರಕ್ಕೆ 20 ಕಡಿಮೆ ತೋರಿಸಬಹುದು. ನಲ್ಲಿ ರಿಪೇರಿ ಮಾಡಿಸಿ, ಮೂರು ವಾರ ಬಿಟ್ಟು ಹೊಡೆದರೆ 36.

ಮೂರು ಕೋರ್

ಇಷ್ಟೆಲ್ಲ ಆದಮೇಲೂ ನನ್ನ ಕೈಯಲ್ಲಿ ಬಲದ ಅಂಕ ಇರಲಿಲ್ಲ. ಸುತ್ತಿಗೆ ಮತ್ತು ಅಲ್ಟ್ರಾಸೋನಿಕ್ ಎರಡೂ ಪಿಲ್ಲರ್ ಪಿಲ್ಲರ್‌ಗೆ ಹೋಲಿಸಲು, ಯಾವುದು ಸೋತಿದೆ ಅಂತ ಹುಡುಕಲು ಒಳ್ಳೆಯವು. ಎಷ್ಟು ನ್ಯೂಟನ್ ಅಂತ ತಿಳಿಯಲು ಕೋರ್, ಅಂದರೆ ಕೊಳವೆಯಾಕಾರದ ಕಾಂಕ್ರೀಟ್ ತುಂಡು, ಕೊರೆದು ತೆಗೆದು ಒಡೆಯಲೇಬೇಕು.

ಎಲ್ಲಿ ಕೊರೆಯಬೇಕು ಅನ್ನುವುದನ್ನು ಆ ಎರಡು ಅಳತೆಗಳೇ ಹೇಳುತ್ತವೆ. ವೇಗ ಅತಿ ಕಡಿಮೆ ಇರುವ ಒಂದು ಪಿಲ್ಲರ್, ಅತಿ ಜಾಸ್ತಿ ಇರುವ ಒಂದು, ನಡುವಿನ ವೇಗದ ಒಂದು. ಕೋರ್ ವ್ಯಾಸ 70 ಮಿ.ಮೀ. ಖಡಿ 20 ಮಿ.ಮೀ., ಅದರ ಮೂರು ಪಟ್ಟಿಗಿಂತ ಜಾಸ್ತಿ ಆಯಿತು, ಸಾಕು. 12 ಇಂಚಿನ ಮುಖದ ಮಧ್ಯದಲ್ಲಿ, ಸರಳು ತಪ್ಪಿಸಿ, 170 ಮಿ.ಮೀ. ಆಳ. ಹೊರಗಿನ 30 ಮಿ.ಮೀ. ಕಾರ್ಬೊನೇಷನ್ ಪದರ ಕತ್ತರಿಸಿ ತೆಗೆದರೆ 140 ಉಳಿಯುತ್ತದೆ. ವ್ಯಾಸದ ಎರಡು ಪಟ್ಟು.

ಇಷ್ಟು ಸಣ್ಣ ಪಿಲ್ಲರ್‌ನಲ್ಲಿ ಈ ತೂತು ಅಡ್ಡ ಕೊಯ್ತದ ಆರನೇ ಒಂದು ಭಾಗ ತಿನ್ನುತ್ತದೆ. ತಮಾಷೆಯಲ್ಲ. ಮೊದಲು ತೊಲೆ ಕೆಳಗೆ ಜಾಕ್ ಕೊಟ್ಟೆವು. ಭಾರ ಜಾಸ್ತಿ ಇರುವ, ಮನೆಯ ನಡುವಿನ ಪಿಲ್ಲರ್ ಮುಟ್ಟಲಿಲ್ಲ. ಕೊರೆದ ದಿನವೇ ಕುಗ್ಗದ ಗ್ರೌಟ್ ತುಂಬಿಸಿ, ಅದು ಗಟ್ಟಿಯಾಗುವವರೆಗೆ ಜಾಕ್ ತೆಗೆಯಲಿಲ್ಲ.

ಒಡೆದು, ತಿದ್ದುಪಡಿ ಹಾಕಿ, ಕ್ಯೂಬ್ ಬಲಕ್ಕೆ ತಿರುಗಿಸಿದಾಗ ಬಂದದ್ದು 18, 19.5 ಮತ್ತು 21 ನ್ಯೂಟನ್. ಸರಾಸರಿ 19.5. ಚಾರ್ಟ್ ಹೇಳಿದ್ದು 35.

ಕಾಂಕ್ರೀಟು ಕೆಟ್ಟದ್ದೇನಲ್ಲ ಅನ್ನುವುದನ್ನು ಗಮನಿಸಿ. ಎಂ15 ಅಂತ ಹಾಕಿದ್ದು, ಎಂ15ಕ್ಕೆ ತಕ್ಕಂತೆ ಇದೆ. ಗೌಂಡಿ ಮುಖ ಅರಳಿತು. ಕೆಟ್ಟದ್ದು ಎಂ35 ಅನ್ನುವ ಆ ಒಂದು ಸಾಲು.

ಆ ಒಂದು ಸಾಲಿನ ಬೆಲೆ

ಮೂರೇ ಕೋರ್ ಇರುವುದರಿಂದ ಲೆಕ್ಕಕ್ಕೆ ನಾನು 15 ಹಿಡಿದೆ. ಸರಳು ಆ ಕಾಲದ ತಿರುಚಿದ ಟಾರ್, 415 ದರ್ಜೆ. 16 ಮಿ.ಮೀ.ಯ ನಾಲ್ಕು ಸರಳು ಅಂದರೆ 804 ಚ.ಮಿ.ಮೀ. ಐ.ಎಸ್. 456ರ ಗಿಡ್ಡ ಪಿಲ್ಲರ್ ಸೂತ್ರ ಕೆಳಗಿದೆ. Pu ಅಂದರೆ ಪಿಲ್ಲರ್ ತಡೆಯುವ ಭಾರ, fck ಕಾಂಕ್ರೀಟಿನ ಬಲ, Ac ಕಾಂಕ್ರೀಟಿನ ಅಡ್ಡ ಕೊಯ್ತ, fy ಸರಳಿನ ಬಲ, Asc ಸರಳಿನ ಅಡ್ಡ ಕೊಯ್ತ. 1.5ರಿಂದ ಭಾಗಿಸುವುದು ಸುರಕ್ಷತೆಗೆ:

```
Pu = 0.4 fck Ac + 0.67 fy Asc

fck = 35 :  955 + 224 = 1179 kN ;  /1.5 = 786 kN
fck = 15 :  409 + 224 =  633 kN ;  /1.5 = 422 kN
```

ವರದಿ ನಂಬಿದರೆ ಪಿಲ್ಲರ್ ಸುಮಾರು 80 ಟನ್ ಹೊರುತ್ತದೆ. ಕೋರ್ ನಂಬಿದರೆ 43. ನಡುವಿನ ಪಿಲ್ಲರ್ ಹೊರುವ ನೆಲ ಮೂರೂವರೆ ಮೀಟರ್ ಉದ್ದ, ಅಷ್ಟೇ ಅಗಲ. ಗೋಡೆ, ಸ್ಲ್ಯಾಬು, ಜನ, ಸಾಮಾನು ಎಲ್ಲ ಸೇರಿ ಒಂದು ಮಹಡಿಗೆ ಸುಮಾರು 15 ಟನ್ ಬರುತ್ತದೆ. ಈಗ ಎರಡು ಸ್ಲ್ಯಾಬಿಗೆ 30 ಟನ್, ನಡೆಯುತ್ತದೆ. ಮೂರನೆಯದು ಹಾಕಿದರೆ 45. ಮೀರುತ್ತದೆ. ಗಾಳಿ, ಭೂಕಂಪ, ಅಡಿಪಾಯದ ಕೆಳಗಿನ ಕರಿ ಮಣ್ಣು ಇವನ್ನೆಲ್ಲ ನೋಡುವ ಮೊದಲೇ ಮೀರಿತು.

ಇನ್ನೊಂದು ಸಂಗತಿ ವರದಿಯಲ್ಲಿ ಎಲ್ಲೂ ಇರಲಿಲ್ಲ. ಕಾರ್ಬೊನೇಷನ್ 28 ಮಿ.ಮೀ. ಒಳಗೆ ಹೋಗಿದೆ. ಸರಳಿನ ಮೇಲಿನ ಕಾಂಕ್ರೀಟು, ಅಂದರೆ ಕವರ್, 30. ಕ್ಷಾರ ಇದ್ದಷ್ಟು ದಿನ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಕ್ಷಾರ ಹೋದ ಮೇಲೆ ತೇವ ತಾಗಿದರೆ ಸಾಕು. ಅಂದರೆ ಸುತ್ತಿಗೆಯ ಅಂಕವನ್ನು ಯಾವುದು ಏರಿಸಿತೋ ಅದೇ ಇನ್ನು ಎರಡು ಮಿ.ಮೀ. ದಾಟಿದರೆ ಸರಳಿಗೆ ತಾಗುತ್ತದೆ. ಎರಡು ಕಡೆ ಸರಳು ಬಿಚ್ಚಿ ನೋಡಿದೆ. ಮೂರನೇ ಪಿಲ್ಲರ್‌ನಲ್ಲಿ ಸರಳು ಕಪ್ಪಗೆ ಶುದ್ಧ. ಬಚ್ಚಲ ಪಕ್ಕದ ಎರಡನೆಯದರಲ್ಲಿ ಕವರ್ 22 ಮಾತ್ರ ಇತ್ತು, ತೆಳು ಕೆಂಪು ತುಕ್ಕು ಶುರುವಾಗಿತ್ತು. ಸರಳು ಇನ್ನೂ ಸವೆದಿರಲಿಲ್ಲ.

ಹೊಸ ವರದಿಯಲ್ಲಿ ನಾನು ಪ್ರತಿ ಪಿಲ್ಲರ್‌ಗೂ ಮುಟ್ಟುಗ ಇಟ್ಟ ಜಾಗದ ಚಿತ್ರ, ಕ್ಯಾಲಿಪರ್ ದೂರ, ಸಮಯ, ಹನ್ನೆರಡೂ ಹೊಡೆತದ ಅಂಕ, ಅಡಿಗಲ್ಲಿನ ಅಂಕ, ಮೇಲ್ಮೈ ಒಣವೋ ಒದ್ದೆಯೋ, ಕಾರ್ಬೊನೇಷನ್ ಆಳ ಇಷ್ಟನ್ನೂ ಬರೆದೆ. ಸುತ್ತಿಗೆಯ ಅಂಕದ ಪಕ್ಕ ನ್ಯೂಟನ್ ಕಾಲಮ್ ಇಡಲೇ ಇಲ್ಲ. ಬೇಕಾದರೆ ಚಾರ್ಟಿನ ಅಂಕವನ್ನು 0.56ರಿಂದ ಗುಣಿಸಿ ಉಳಿದ ಪಿಲ್ಲರ್ ಅಂದಾಜು ಮಾಡಬಹುದು ಅಂತ ಅಡಿಯಲ್ಲಿ ಬರೆದೆ. 19.5 ಭಾಗಿಸು 35, ಅಷ್ಟೇ. ಈ ಗುಣಕ ಆ ಒಂದು ಮನೆಯದ್ದು. ಅದನ್ನು ಪಕ್ಕದ ಮನೆಗೆ ಒಯ್ದರೆ ಮತ್ತೆ ಅದೇ ಚಾರ್ಟಿನ ಕಥೆ.

ಯಜಮಾನರು ಕಾಗದ ಎರಡು ಸಲ ತಿರುವಿ ನೋಡಿದರು. "ಸ್ಲ್ಯಾಬ್ ಬ್ಯಾಡ ಅಂದ್ರ ಬ್ಯಾಡ್ರಿ. ಮ್ಯಾಲ ಪತ್ರಾಸ್ ಶೆಡ್ಡರ ಹಾಕ್ಬಹುದೇನು?"

ಪತ್ರಾಸು, ಪೈಪು, ಗಾಳಿಯ ಒತ್ತಡ ಎಲ್ಲ ಕೂಡಿಸಿದರೂ ನಡುವಿನ ಪಿಲ್ಲರ್‌ಗೆ ಒಂದೂವರೆ ಟನ್ ದಾಟುವುದಿಲ್ಲ. ಹಾಕಬಹುದು ಅಂದೆ. ಆದರೆ ಮೊದಲು ಬಚ್ಚಲ ಪಕ್ಕದ ಪಿಲ್ಲರ್‌ನ ತುಕ್ಕು ತೆಗೆಸಿ ಕವರ್ ಮತ್ತೆ ಕಟ್ಟಿಸಬೇಕು, ಆಮೇಲೆ ಶೆಡ್. ಅವರು ಗೌಂಡಿ ಕಡೆ ನೋಡಿದರು. ಗೌಂಡಿ, "ನನ್ನ ಮಗನ್ನ ಕಳಿಸ್ತೀನ್ರಿ, ಈ ಸಲ ನೀರ್ ಹೊಡಿಯೋದು ನಾ ನೋಡ್ಕೋತೀನಿ" ಅಂದರು.